ಒಂದು ಮಾತಿಗೆ ಮೂರು ಮಾತುಗಳು: ರೂತಳ ಪುಸ್ತಕದ ಕರಡನ್ನು ಕುರಿತ ಒಂದು ಇ-ಮೇಲ್

ಓದತಕ್ಕ ಭಾಗಗಳು: ರೂತಳು 1:6–18, 2:8–20, 3:6–13, 4:13–15.



ಸತ್ಯವೇದದ ಯಾವ ಪುಸ್ತಕವಾದರೂ ಇಬ್ರಿಯ ಭಾಷೆಯಿಂದ ನಮ್ಮ ಭಾಷೆಗೆ ಬಂದು ಅಚ್ಚಾಗುವದಕ್ಕೆ ಮುಂಚೆ ಇಬ್ಬರ ಕೈಯನ್ನಾದರೂ ದಾಟಬೇಕು. ಒಬ್ಬನು ಭಾಷಾಂತರಕಾರನು, ಮತ್ತೊಬ್ಬನು ಕರಡು ತಿದ್ದುವವನು. ಈ ಎರಡನೆಯವನ ಕೆಲಸವೇನೆಂದು ಕೇಳಿದರೆ, ತಪ್ಪಿಹೋದ ಒತ್ತಕ್ಷರವನ್ನೂ ಬಿಟ್ಟುಹೋದ ವಚನದ ಅಂಕೆಯನ್ನೂ ಸರಿಮಾಡುವದೆಂದು ಅನೇಕರು ಹೇಳುವರು. ಅದು ನಿಜವೇ. ಆದರೆ ಅವನು ನೋಡಬೇಕಾದ ಇನ್ನೊಂದು ಸಂಗತಿಯುಂಟು. ಮೂಲದಲ್ಲಿ ಒಂದೇ ಮಾತು ಒಂದನೆಯ ಅಧ್ಯಾಯದಲ್ಲಿಯೂ ಎರಡನೆಯದರಲ್ಲಿಯೂ ಮೂರನೆಯದರಲ್ಲಿಯೂ ಬಂದಿರಲಾಗಿ, ಕರಡಿನಲ್ಲಿ ಅದು ಮೂರು ಬೇರೆಬೇರೆ ಮಾತುಗಳಾಗಿ ಕಾಣಿಸಿಕೊಂಡಿದೆಯೋ ಎಂಬದೇ ಆ ಸಂಗತಿ. ಹಾಗೆ ಕಂಡರೆ ಅವನು ಭಾಷಾಂತರಕಾರನಿಗೆ ಬರೆದು ತಿಳಿಸುತ್ತಾನೆ. ಈಗಿನ ಕಾಲದಲ್ಲಿ ಇಂಥ ಕಾಗದವು ಬಹುಮಟ್ಟಿಗೆ ಇ-ಮೇಲಿನ ಮೂಲಕವೇ ಹೋಗುತ್ತದೆ. ಅಂಥ ಒಂದು ಇ-ಮೇಲನ್ನು ಈ ತಿಂಗಳ ಪಾಠವಾಗಿ ತೆಗೆದುಕೊಳ್ಳೋಣ. ಇದರಲ್ಲಿ ಬರುವ ಕರಡೂ ಇ-ಮೇಲೂ ಉತ್ತರವೂ ಪಾಠಕ್ಕೋಸ್ಕರ ನಾವು ಮಾಡಿಕೊಂಡ ಮಾದರಿಗಳು. ಇಬ್ರಿಯ ಮಾತುಗಳೂ ವಚನಗಳೂ ಮಾತ್ರ ಮೂಲದಲ್ಲಿರುವಂತೆಯೇ ಇವೆ.

1. ಆ ಮಾತು ಯಾವದು?

ಆ ಮಾತು ‘ಹೆಸೆದ್’. ಇದರ ಮೊದಲಿನ ಅಕ್ಷರವನ್ನು ಇಬ್ರಿಯರು ಗಂಟಲಿನಿಂದ ಒತ್ತಿ ನುಡಿಯುತ್ತಿದ್ದರು. ಹಳೇ ಒಡಂಬಡಿಕೆಯಲ್ಲಿ ಇದು 240ಕ್ಕಿಂತ ಹೆಚ್ಚು ಸಾರಿ ಬರುತ್ತದೆ. 136ನೆಯ ಕೀರ್ತನೆಯ 26 ವಚನಗಳಲ್ಲಿ ಒಂದೊಂದರ ಕಡೆಯಲ್ಲಿಯೂ ಬರುವ ಪಲ್ಲವಿಯಲ್ಲಿ ಇರುವದು ಈ ಮಾತೇ.

ಇದರ ಅರ್ಥವನ್ನು ಒಂದೇ ಕನ್ನಡ ಮಾತಿನಲ್ಲಿ ಹಿಡಿಯುವದು ಕಷ್ಟ. ಮನಸ್ಸಿನಲ್ಲಿ ಹುಟ್ಟಿ ಅಲ್ಲಿಯೇ ನಿಲ್ಲುವ ಪ್ರೀತಿಗೆ ಹೆಸೆದ್ ಎಂದು ಹೇಳುವದಿಲ್ಲ. ಇಬ್ರಿಯರು ಹೆಸೆದನ್ನು ‘ಮಾಡುತ್ತಾರೆ’. ಸಂಬಂಧದಿಂದಾಗಲಿ ಒಡಂಬಡಿಕೆಯಿಂದಾಗಲಿ ಕಟ್ಟಲ್ಪಟ್ಟವರು, ಕಷ್ಟಕಾಲದಲ್ಲಿ ಕೈಬಿಡದೆ, ಬಿಟ್ಟರೂ ಯಾರೂ ದೂರು ಹೇಳಲಾರದಂಥ ಸಮಯದಲ್ಲಿ ಸಹ ಒಬ್ಬರಿಗೊಬ್ಬರು ಮಾಡುವ ಉಪಕಾರವೇ ಹೆಸೆದ್. ಅದರಲ್ಲಿ ದಯೆಯೂ ಉಂಟು, ನಿಷ್ಠೆಯೂ ಉಂಟು. ದೇವರು ಮನುಷ್ಯರಿಗೆ ಹೆಸೆದ್ ಮಾಡುವಂತೆ ಮನುಷ್ಯರೂ ಮನುಷ್ಯರಿಗೆ ಮಾಡಬಹುದು.

ರೂತಳ ಪುಸ್ತಕದಲ್ಲಿ ಇರುವದು ನಾಲ್ಕೇ ಅಧ್ಯಾಯಗಳು. ಅದರಲ್ಲಿ ಹೆಸೆದ್ ಮೂರು ಸಾರಿ ಬರುತ್ತದೆ. 1:8ರಲ್ಲಿ ನೊವೊಮಿಯು ತನ್ನ ಇಬ್ಬರು ಸೊಸೆಯರನ್ನು ತೌರಿಗೆ ಕಳುಹಿಸುತ್ತಾ, ನೀವು ಸತ್ತವರಿಗೂ ನನಗೂ ಮಾಡಿದಂತೆಯೇ ಯೆಹೋವನು ನಿಮಗೆ ಹೆಸೆದ್ ಮಾಡಲಿ ಎಂದು ಹರಸುತ್ತಾಳೆ. 2:20ರಲ್ಲಿ ರೂತಳು ಬೋವಜನ ಹೊಲದಿಂದ ಜವೆಗೋದಿಯನ್ನು ಹೊತ್ತುಕೊಂಡು ಬಂದಾಗ, ಬದುಕಿರುವವರ ವಿಷಯದಲ್ಲಿಯೂ ಸತ್ತವರ ವಿಷಯದಲ್ಲಿಯೂ ಹೆಸೆದನ್ನು ಬಿಟ್ಟುಬಿಡಲಿಲ್ಲವೆಂದು ಅದೇ ನೊವೊಮಿಯು ಕೊಂಡಾಡುತ್ತಾಳೆ. 3:10ರಲ್ಲಿ ಬೋವಜನು ಕಣದಲ್ಲಿ ನಡುರಾತ್ರಿಯಲ್ಲಿ ರೂತಳಿಗೆ, ನಿನ್ನ ಈ ಕಡೆಯ ಹೆಸೆದ್ ಮೊದಲಿನದಕ್ಕಿಂತ ಉತ್ತಮವಾದದ್ದೆಂದು ಹೇಳುತ್ತಾನೆ.

2. ಕರಡಿನಲ್ಲಿ ಏನಾಗಿತ್ತು?

ನಮ್ಮ ಮಾದರಿಯ ಭಾಷಾಂತರಕಾರನು 1:8ರಲ್ಲಿ ‘ದಯೆ’ ಎಂದೂ 2:20ರಲ್ಲಿ ‘ಕೃಪೆ’ ಎಂದೂ 3:10ರಲ್ಲಿ ‘ಪ್ರೀತಿ’ ಎಂದೂ ಬರೆದನೆಂದು ಎಣಿಸಿರಿ. ಒಂದೊಂದು ವಚನವನ್ನು ಬೇರೆಯಾಗಿ ಓದಿದರೆ ಯಾವದೂ ತಪ್ಪಾಗಿ ಕೇಳಿಸುವದಿಲ್ಲ. ಅಧ್ಯಾಯಗಳು ಬೇರೆಬೇರೆ ತಿಂಗಳುಗಳಲ್ಲಿ ಭಾಷಾಂತರವಾಗುವದುಂಟು. ಒಂದನೆಯ ಅಧ್ಯಾಯದಲ್ಲಿ ಬರೆದ ಮಾತು ಮೂರನೆಯದಕ್ಕೆ ಬರುವಷ್ಟರಲ್ಲಿ ನೆನಪಿನಿಂದ ಜಾರಿರುತ್ತದೆ. ಆದಕಾರಣ ಈ ಕುಂದು ವಚನ ವಚನವಾಗಿ ಓದುವವನಿಗೆ ಕಾಣಿಸದೆ, ಪುಸ್ತಕವನ್ನು ಒಂದೇ ಸಾರಿ ಓದುವವನಿಗೆ ಮಾತ್ರ ಕಾಣಿಸುತ್ತದೆ.

ಇದರಿಂದ ಆಗುವ ನಷ್ಟವು 3:10ರಲ್ಲಿ ತಿಳಿದುಬರುತ್ತದೆ. ಬೋವಜನು ‘ಮೊದಲಿನದು’ ಎಂದು ಹೇಳುತ್ತಾನಷ್ಟೆ, ಯಾವ ಮೊದಲಿನದು? ಮೂಲವನ್ನು ಕೇಳುವವನ ಕಿವಿಯಲ್ಲಿ 1:8ರ ಹೆಸೆದ್ ಇನ್ನೂ ಇರುತ್ತದೆ. ಗಂಡನು ಸತ್ತ ಮೇಲೆ ರೂತಳು ತನ್ನ ಅತ್ತೆಗೆ ಮಾಡಿದ್ದೆಲ್ಲವೂ ತನಗೆ ತಿಳಿದಿದೆಯೆಂದು ಬೋವಜನು 2:11ರಲ್ಲಿ ಹೇಳಿಯೂ ಇದ್ದಾನೆ. ಹೀಗಿರಲಾಗಿ ಮೊದಲಿನದು ಅತ್ತೆಗೆ ಮಾಡಿದ್ದು. ಕಡೆಯದು, ಬಡವರಾಗಲಿ ಐಶ್ವರ್ಯವಂತರಾಗಲಿ ಯೌವನಸ್ಥರ ಹಿಂದೆ ಹೋಗದೆ, ಸತ್ತವನ ಮನೆತನವು ಉಳಿಯುವಂತೆ ಆ ಮನೆಯ ಸಮೀಪಬಂಧುವನ್ನು ಆಶ್ರಯಿಸಿದ್ದು. ಆದರೆ ಕರಡಿನಲ್ಲಿ ಇಲ್ಲಿ ‘ಪ್ರೀತಿ’ ಎಂದಿದೆ. ಈ ವಚನದ ಮುಂಚೆ ಪ್ರೀತಿಯೆಂಬ ಮಾತೇ ಬಂದಿಲ್ಲ. ರಾತ್ರಿಯಲ್ಲಿ ಒಬ್ಬ ವಿಧವೆಯ ಸಂಗಡ ಮದುವೆಯ ಮಾತಾಡುತ್ತಾ ಒಬ್ಬ ಪುರುಷನು ‘ಮೊದಲಿನ ಪ್ರೀತಿ’ ಎಂದರೆ, ನಮ್ಮ ಊರಿನ ಕೇಳುಗನು ಏನು ತಿಳಿದುಕೊಂಡಾನು? ಸತ್ತುಹೋದ ಮೊದಲನೆಯ ಗಂಡನ ಮೇಲಿನ ಪ್ರೀತಿಗಿಂತ ಬೋವಜನ ಮೇಲಿನ ಪ್ರೀತಿಯೇ ದೊಡ್ಡದೆಂದು ಹೇಳಿದನೆಂದು ತಿಳಿದುಕೊಂಡಾನು. ಹೀಗೆ ಸತ್ತವನಿಗೆ ಮಾಡಿದ ಉಪಕಾರವನ್ನು ಹೊಗಳುವ ಮಾತು ಸತ್ತವನನ್ನು ಮರೆತದ್ದನ್ನು ಹೊಗಳುವ ಮಾತಾಗಿಹೋಗುತ್ತದೆ.

2:20ರ ನಷ್ಟವು ಇಷ್ಟು ಅಪಾಯಕರವಲ್ಲದಿದ್ದರೂ ಅಲ್ಪವಾದದ್ದಲ್ಲ. 1:8ರಲ್ಲಿ ನೊವೊಮಿಯು ಬೇಡಿಕೊಂಡದ್ದು ಹೆಸೆದ್. 2:20ರಲ್ಲಿ ಅವಳು ಕಂಡುಕೊಂಡದ್ದೂ ಹೆಸೆದ್. ಎರಡೂ ಕಡೆಗಳಲ್ಲಿ ಸತ್ತವರ ಹೆಸರೂ ಬರುತ್ತದೆ. ಒಂದು ಕಡೆ ‘ದಯೆ’, ಮತ್ತೊಂದು ಕಡೆ ‘ಕೃಪೆ’ ಎಂದಾಗ, ಬೇಡಿದ್ದಕ್ಕೂ ದೊರೆತದ್ದಕ್ಕೂ ಇರುವ ಕಟ್ಟು ಸಡಿಲುತ್ತದೆ.

3. ಕರಡು ತಿದ್ದುವವನು ಇದನ್ನು ಕಂಡುಹಿಡಿಯುವ ಬಗೆ

ಅವನು ಇಬ್ರಿಯ ಭಾಷೆಯಲ್ಲಿ ಪಂಡಿತನಾಗಿರಬೇಕೆಂಬ ನಿಯಮವಿಲ್ಲ. 1890ರಲ್ಲಿ ಜೇಮ್ಸ್ ಸ್ಟ್ರಾಂಗ್ ಎಂಬವನು ಪ್ರಕಟಿಸಿದ ಪದಸೂಚಿಯಲ್ಲಿ ಮೂಲಪದಗಳಿಗೆ ಒಂದೊಂದು ಅಂಕೆ ಇದೆ. ಹೆಸೆದಿನ ಅಂಕೆ 2617. ಆ ಅಂಕೆಯನ್ನು ಹಿಡಿದು ಹೋದರೆ ಮೂರು ವಚನಗಳೂ ಸಿಕ್ಕುತ್ತವೆ. ಅಂಕೆಯಿಲ್ಲದೆ ಮಾತಿನ ರೂಪವನ್ನೇ ಹುಡುಕುವವನು ಮೋಸಹೋಗುವನು. ಯಾಕಂದರೆ 1:8ರಲ್ಲಿ ಮಾತ್ರ ಅದು ‘ಹೆಸೆದ್’ ಎಂದು ನಿಂತಿದೆ. 2:20ರಲ್ಲಿ ‘ಅವನ’ ಎಂಬರ್ಥದ ಪ್ರತ್ಯಯ ಸೇರಿ ‘ಹಸ್ದೋ’ ಎಂದೂ, 3:10ರಲ್ಲಿ ಸ್ತ್ರೀಗೆ ಹೇಳುವ ‘ನಿನ್ನ’ ಎಂಬ ಪ್ರತ್ಯಯ ಸೇರಿ ‘ಹಸ್ದೇಖ್’ ಎಂದೂ ಆಗಿದೆ. ಈಗ ಸತ್ಯವೇದದ ಭಾಷಾಂತರಕಾರರು ಉಪಯೋಗಿಸುವ ಪ್ಯಾರಾಟೆಕ್ಸ್ಟ್ ಎಂಬ ಗಣಕಯಂತ್ರದ ಸಾಧನದಲ್ಲಿ ಮುಖ್ಯ ಪದಗಳ ಪಟ್ಟಿಯೇ ಇದೆ. ಒಂದು ಪದವನ್ನು ಆರಿಸಿದರೆ ಅದು ಬರುವ ವಚನಗಳೆಲ್ಲವೂ ಕರಡಿನ ಮಾತುಗಳೊಂದಿಗೆ ಸಾಲಾಗಿ ಕಾಣಿಸುತ್ತವೆ.

ಜಾಗರೂಕನಾದವನು ಇಷ್ಟಕ್ಕೆ ನಿಲ್ಲದೆ ಹಿಂದುಮುಂದಾಗಿಯೂ ನೋಡುವನು. ಕರಡಿನ ‘ದಯೆ’ ಎಂಬ ಕನ್ನಡ ಮಾತನ್ನು ಹಿಡಿದು, ಅದು ಬೇರೆ ಯಾವ ಇಬ್ರಿಯ ಮಾತಿಗಾದರೂ ಉಪಯೋಗವಾಗಿದೆಯೋ ಎಂದು ಹುಡುಕುವನು. ಇಲ್ಲಿ ಹಾಗೆಯೇ ಆಗಿದೆ. 2:2, 2:10, 2:13 ಈ ಮೂರು ವಚನಗಳಲ್ಲಿ ‘ಹೇನ್’ ಎಂಬ ಬೇರೆ ಮಾತಿದೆ. ಅದರ ಅಂಕೆ 2580. ಒಬ್ಬರ ಕಣ್ಣಿನಲ್ಲಿ ಮೆಚ್ಚಿಕೆಯನ್ನು ಕಂಡುಕೊಳ್ಳುವದೆಂದು ಅದರ ಅರ್ಥ. ಯಾವ ಸಂಬಂಧವನ್ನೂ ಮುಂದಿಡಲಾರದವರು ಬೇಡುವಂಥದು ಅದು. ರೂತಳು ಪರದೇಶಿಯಾದ ತನಗೆ ಇದು ಹೇಗೆ ದೊರಕಿತೆಂದು 2:10ರಲ್ಲಿ ಆಶ್ಚರ್ಯಪಡುತ್ತಾಳೆ. ಕರಡಿನಲ್ಲಿ ಇದಕ್ಕೂ ‘ದಯೆ’ ಎಂದೇ ಇದೆ. ಅಂದರೆ ಒಂದು ಇಬ್ರಿಯ ಮಾತು ಮೂರಾಗಿ ಒಡೆದದ್ದಲ್ಲದೆ, ಎರಡು ಇಬ್ರಿಯ ಮಾತುಗಳು ಒಂದಾಗಿ ಬೆರೆತೂ ಹೋಗಿವೆ.

4. ಇ-ಮೇಲ್

ವಿಷಯ: ರೂತಳು, ಎರಡನೆಯ ಕರಡು, ‘ಹೆಸೆದ್’ ಎಂಬ ಮಾತು (1:8, 2:20, 3:10)

ಮಾನ್ಯರಾದ ಅಯ್ಯನವರಿಗೆ ವಂದನೆಗಳು.

ತಾವು ಕಳುಹಿಸಿದ ರೂತಳ ಪುಸ್ತಕದ ಎರಡನೆಯ ಕರಡನ್ನು ಕಡೆಯ ವರೆಗೆ ಓದಿದೆನು. ಅಕ್ಷರದ ತಪ್ಪುಗಳನ್ನು ಬೇರೆ ಪಟ್ಟಿಯಲ್ಲಿ ಕಳುಹಿಸುವೆನು. ಈ ಇ-ಮೇಲಿನಲ್ಲಿ ಒಂದೇ ಮಾತಿನ ವಿಷಯವಾಗಿ ಕೇಳಿಕೊಳ್ಳುತ್ತೇನೆ. ಕರಡಿನಲ್ಲಿ ನಾನು ಯಾವದನ್ನೂ ಬದಲಾಯಿಸಿಲ್ಲ.

ಮೂಲದಲ್ಲಿ ‘ಹೆಸೆದ್’ ಬರುವ ಮೂರು ಸ್ಥಳಗಳಲ್ಲಿ ಕರಡು ಹೀಗಿದೆ:
1:8 — ದಯೆ (ಯೆಹೋವನು ಸೊಸೆಯರಿಗೆ; ಸೊಸೆಯರು ಸತ್ತವರಿಗೂ ನೊವೊಮಿಗೂ)
2:20 — ಕೃಪೆ (ಬದುಕಿರುವವರಿಗೂ ಸತ್ತವರಿಗೂ)
3:10 — ಪ್ರೀತಿ (ರೂತಳು ಮಾಡಿದ್ದು, ‘ಮೊದಲಿನದು’, ‘ಕಡೆಯದು’)

ನನಗೆ ತೋರುವ ತೊಂದರೆ ಮುಖ್ಯವಾಗಿ 3:10ರಲ್ಲಿದೆ. ‘ಮೊದಲಿನ ಪ್ರೀತಿ’ ಎಂಬದು 1:8ರ ದಯೆಯನ್ನು ಸೂಚಿಸುತ್ತದೆಂದು ಓದುವವರಿಗೆ ತಿಳಿಯಲಾರದು. ಮೊದಲನೆಯ ಗಂಡನ ಮೇಲಿನ ಪ್ರೀತಿಯೆಂದು ತಿಳಿಯುವ ಭಯವುಂಟು. ಇದಲ್ಲದೆ ಈ ಪುಸ್ತಕದಲ್ಲಿ ಪ್ರೀತಿಸುವದೆಂಬರ್ಥದ ಇಬ್ರಿಯ ಕ್ರಿಯಾಪದವು 4:15ರಲ್ಲಿ ಮಾತ್ರ ಬರುತ್ತದೆ. ಅಲ್ಲಿ ತಾವು ‘ಪ್ರೀತಿಸುವ’ ಎಂದು ಹಾಕಿದ್ದೀರಿ. ಅದು ಸರಿಯಾಗಿಯೇ ಇದೆ.

2:2, 2:10, 2:13ರಲ್ಲಿ ‘ಹೇನ್’ ಎಂಬದಕ್ಕೂ ‘ದಯೆ’ ಎಂದಿರುವದನ್ನು ದಯವಿಟ್ಟು ನೋಡಬೇಕು.

ಕೇಳಿಕೊಳ್ಳುವ ಪ್ರಶ್ನೆಗಳು ಮೂರು. ಮೊದಲನೆಯದಾಗಿ, ಈ ವ್ಯತ್ಯಾಸವನ್ನು ತಾವು ಬೇಕೆಂದೇ ಇಟ್ಟಿದ್ದೀರೋ? ಹಾಗಾದರೆ ಕಾರಣವನ್ನು ಪದಪಟ್ಟಿಯಲ್ಲಿ ಬರೆದಿಡುವೆನು. ಎರಡನೆಯದಾಗಿ, ಒಂದೇ ಮಾತನ್ನು ಇಡುವದಾದರೆ ‘ದಯೆ’ ಎಂಬದನ್ನು ಮೂರು ಕಡೆಗೂ ಇಟ್ಟು ‘ಹೇನ್’ ಎಂಬದಕ್ಕೆ ಬೇರೆ ಮಾತನ್ನು ಆರಿಸಬಹುದೋ, ಇಲ್ಲವೆ ‘ನಿಷ್ಠೆಯ ಪ್ರೀತಿ’ ಎಂಬಂಥ ಜೋಡಿ ಮಾತು ಲೇಸೋ? ಮೂರನೆಯದಾಗಿ, 2:20ರಲ್ಲಿ ಹೆಸೆದನ್ನು ಬಿಡದವನು ಯೆಹೋವನೋ ಬೋವಜನೋ ಎಂಬದು ಮೂಲದಲ್ಲಿ ಎರಡು ವಿಧವಾಗಿಯೂ ಓದಬಹುದಾಗಿದೆ. ಕರಡಿನ ‘ಕೃಪೆ’ ಎಂಬ ಮಾತು ಯೆಹೋವನೇ ಎಂದು ನಿಶ್ಚಯಿಸಿದಂತಿದೆ. ತಮ್ಮ ಅಭಿಪ್ರಾಯವೂ ಅದೇಯೋ?

ತಮ್ಮ ಉತ್ತರವು ಬಂದ ಮೇಲೆ ಮುಂದಿನ ಕರಡನ್ನು ನೋಡುವೆನು.

ಇಂತು ತಮ್ಮ ವಿಧೇಯನು,
ಕರಡು ತಿದ್ದುವವನು

5. ಇ-ಮೇಲಿನ ರೀತಿಯನ್ನು ಕುರಿತು

ಈ ಇ-ಮೇಲಿನಲ್ಲಿ ‘ತಪ್ಪು’ ಎಂಬ ಮಾತನ್ನು ಬರೆದವನು ಅಕ್ಷರಗಳ ವಿಷಯದಲ್ಲಿ ಮಾತ್ರ ಉಪಯೋಗಿಸಿದ್ದಾನೆ. ಹೆಸೆದಿನ ವಿಷಯದಲ್ಲಿ ‘ಬೇಕೆಂದೇ ಇಟ್ಟಿದ್ದೀರೋ’ ಎಂದು ಕೇಳುತ್ತಾನೆ. ಇದು ಬರೀ ಮರ್ಯಾದೆಗಾಗಿ ಅಲ್ಲ. ಮಾತನ್ನು ಬದಲಾಯಿಸುವದು ಯಾವಾಗಲೂ ಅಜಾಗ್ರತೆಯಿಂದ ಆಗುವದಿಲ್ಲ. 1611ರ ಇಂಗ್ಲಿಷ್ ಸತ್ಯವೇದದ ಭಾಷಾಂತರಕಾರರು ತಮ್ಮ ಮುನ್ನುಡಿಯಲ್ಲಿ, ಒಂದು ಮೂಲಪದಕ್ಕೆ ಯಾವಾಗಲೂ ಒಂದೇ ಇಂಗ್ಲಿಷ್ ಪದವನ್ನು ಇಡುವ ಕಟ್ಟಿಗೆ ತಾವು ಒಳಪಡಲಿಲ್ಲವೆಂದು ತಿಳಿಸಿದರು. 1881ರಲ್ಲಿ ಪ್ರಕಟವಾದ ಪರಿಷ್ಕೃತ ಇಂಗ್ಲಿಷ್ ಹೊಸ ಒಡಂಬಡಿಕೆಯವರು ಇದಕ್ಕೆ ಬೇರೆಯಾಗಿ, ಸಾಧ್ಯವಾದಷ್ಟು ಒಂದಕ್ಕೆ ಒಂದನ್ನೇ ಇಡಲು ಪ್ರಯತ್ನಪಟ್ಟರು. ಎರಡು ಪಕ್ಷಗಳಲ್ಲಿಯೂ ವಿದ್ವಾಂಸರಿದ್ದರು. ಆದಕಾರಣ ಮಾತು ಬೇರೆಯಾಯಿತೆಂದು ತೋರಿಸಿದರೆ ಸಾಲದು. ಬೇರೆಯಾದದ್ದರಿಂದ ಓದುವವನು ಏನನ್ನು ಕಳಕೊಳ್ಳುತ್ತಾನೆಂಬದನ್ನು ತೋರಿಸಬೇಕು. ‘ಮೊದಲಿನದು ಯಾವದು?’ ಎಂಬ ಪ್ರಶ್ನೆಗೆ ಕರಡಿನಲ್ಲಿ ಉತ್ತರವಿಲ್ಲವೆಂಬದೇ ಇಲ್ಲಿ ಆ ನಷ್ಟ.

2:20ರ ಪ್ರಶ್ನೆಯು ಕನ್ನಡಕ್ಕೆ ವಿಶೇಷವಾಗಿ ತಗಲುತ್ತದೆ. ಇಬ್ರಿಯದಲ್ಲಿ ‘ಬಿಡದವನು’ ಎಂಬ ವಾಕ್ಯವು ಯೆಹೋವನ ಹೆಸರಿನ ಹಿಂದೆ ಬರುವದರಿಂದ ಅದನ್ನು ಯೆಹೋವನಿಗಾಗಲಿ, ಆಶೀರ್ವಾದ ಹೊಂದುವ ಮನುಷ್ಯನಿಗಾಗಲಿ ಸೇರಿಸಬಹುದು. ಕನ್ನಡದಲ್ಲಿ ‘ಬಿಡದ’ ಎಂಬ ವಿಶೇಷಣವು ನಾಮಪದದ ಮುಂದೆಯೇ ನಿಲ್ಲಬೇಕು. ‘ಬಿಡದ ಯೆಹೋವನು’ ಎಂದೋ ‘ಬಿಡದ ಆ ಮನುಷ್ಯನು’ ಎಂದೋ ಒಂದನ್ನು ಆರಿಸದೆ ವಾಕ್ಯವು ಮುಗಿಯದು. ಆದಿಕಾಂಡ 24:27ರಲ್ಲಿ ಇದೇ ತರದ ವಾಕ್ಯವು ಸ್ಪಷ್ಟವಾಗಿ ಯೆಹೋವನನ್ನು ಕುರಿತೇ ಇರುವದರಿಂದ, ಇಲ್ಲಿಯೂ ಹಾಗೆಯೇ ಎಂದು ಅನೇಕರು ಎಣಿಸುತ್ತಾರೆ. ಇದನ್ನು ನಿಶ್ಚಯಿಸುವ ಅಧಿಕಾರ ಭಾಷಾಂತರಕಾರನದು. ಅವನು ತಿಳಿದು ನಿಶ್ಚಯಿಸಿದನೋ ಎಂದು ಕೇಳುವದು ಕರಡು ತಿದ್ದುವವನ ಕೆಲಸ.

6. ಉತ್ತರವೂ ತಿದ್ದುಪಡಿಯೂ

ಭಾಷಾಂತರಕಾರನು ಎರಡು ದಾರಿಗಳನ್ನೂ ಪರೀಕ್ಷಿಸಿದನೆನ್ನೋಣ. ‘ನಿಷ್ಠೆಯ ಪ್ರೀತಿ’ ಎಂಬ ಜೋಡಿ ಮಾತು ಹೊಸ ಉಪಾಯವಲ್ಲ. 1535ರಲ್ಲಿ ಮೈಲ್ಸ್ ಕವರ್‌ಡೇಲನು ಇಂಗ್ಲಿಷಿನಲ್ಲಿ ತಕ್ಕ ಮಾತು ಕಾಣದೆ, ಪ್ರೀತಿ ದಯೆ ಎಂಬರ್ಥದ ಎರಡು ಮಾತುಗಳನ್ನು ಜೋಡಿಸಿ ಕೀರ್ತನೆಗಳಲ್ಲಿ ಹೆಸೆದಿಗೆ ಉಪಯೋಗಿಸಿದನು. ಆದರೆ 3:10ರಲ್ಲಿ ‘ನಿಷ್ಠೆಯ ಪ್ರೀತಿ’ ಎಂದರೆ ಗಂಡಹೆಂಡರ ನಿಷ್ಠೆಯೆಂಬ ಅರ್ಥವು ಪುನಃ ಬಾಗಿಲಲ್ಲಿ ನಿಂತಿರುತ್ತದೆ. ‘ದಯೆ’ ಎಂಬ ಮಾತಿಗೂ ಒಂದು ಕೊರತೆಯುಂಟು. ನಮ್ಮಲ್ಲಿ ದಯೆಯು ದೊಡ್ಡವರಿಂದ ಚಿಕ್ಕವರಿಗೆ ಇಳಿದು ಬರುವಂಥದು; ಸೊಸೆಯು ಅತ್ತೆಗೆ ದಯೆ ಮಾಡಿದಳೆಂದರೆ ಕಿವಿಗೆ ಸ್ವಲ್ಪ ತಡೆಯಾಗುತ್ತದೆ. ಆದರೂ ಆ ಅತ್ತೆಯು ಗಂಡನನ್ನೂ ಮಕ್ಕಳನ್ನೂ ಕಳಕೊಂಡ ನಿರಾಶ್ರಿತೆ. ಸತ್ತವರೋ ಯಾವದನ್ನೂ ಹಿಂದಕ್ಕೆ ಕೊಡಲಾರರು. ಅಂಥವರಿಗೆ ಮಾಡಿದ್ದನ್ನು ದಯೆಯೆನ್ನುವದು ಅಸಹಜವಲ್ಲ. ಹೀಗೆ ಅವನು ಹೆಸೆದಿಗೆ ಮೂರು ಕಡೆಗಳಲ್ಲಿಯೂ ‘ದಯೆ’, ಹೇನಿಗೆ ಮೂರು ಕಡೆಗಳಲ್ಲಿಯೂ ‘ಕಟಾಕ್ಷ’, 4:15ರಲ್ಲಿ ಮೊದಲಿದ್ದಂತೆ ‘ಪ್ರೀತಿಸುವ’ ಎಂದು ಗೊತ್ತುಮಾಡಿ, ದಯೆಯೆಂಬದರಲ್ಲಿ ನಿಷ್ಠೆಯ ಅರ್ಥವೂ ಸೇರಿದೆಯೆಂದು 1:8ಕ್ಕೆ ಒಂದು ಅಡಿಟಿಪ್ಪಣಿಯನ್ನು ಬರೆದನು.

ಈಗ ತಿದ್ದುವಾಗ ಒಂದು ಅಪಾಯವಿದೆ. ಗಣಕಯಂತ್ರಕ್ಕೆ ‘ಪ್ರೀತಿ ಎಂದಿರುವಲ್ಲೆಲ್ಲಾ ದಯೆ ಎಂದು ಮಾಡು’ ಎಂದು ಆಜ್ಞಾಪಿಸಿದರೆ 3:10 ಸರಿಯಾಗುತ್ತದೆ. ಆದರೆ 4:15ರ ‘ಪ್ರೀತಿಸುವ ಸೊಸೆ’ಯು ‘ದಯೆಸುವ ಸೊಸೆ’ಯಾಗಿ ನಿಲ್ಲುತ್ತಾಳೆ. ಕ್ರಮವು ತಪ್ಪಿದರೂ ಕೆಡುಕಾಗುತ್ತದೆ. ಹೆಸೆದಿಗೆಲ್ಲಾ ‘ದಯೆ’ ಎಂದು ಹಾಕಿದ ಮೇಲೆ, ಹೇನಿಗಾಗಿ ‘ದಯೆ’ಯನ್ನೆಲ್ಲಾ ‘ಕಟಾಕ್ಷ’ ಮಾಡಹೊರಟರೆ ಹೆಸೆದೂ ಕಟಾಕ್ಷವಾಗಿಬಿಡುತ್ತದೆ. ಹೀಗಿರುವದರಿಂದ ಮೊದಲು ಹೇನಿನ ಮೂರು ವಚನಗಳನ್ನು ಒಂದೊಂದಾಗಿ ಕೈಯಿಂದ ತಿದ್ದಿ, ಬಳಿಕ 2:20ನ್ನೂ 3:10ನ್ನೂ ತಿದ್ದಿ, ವಿಭಕ್ತಿಯೂ ಕ್ರಿಯಾಪದವೂ ಹೊಸ ಮಾತಿಗೆ ಹೊಂದಿವೆಯೋ ಎಂದು ನೋಡಬೇಕು. ‘ಪ್ರೀತಿಸಿದ್ದು’ ಎಂಬದಿದ್ದರೆ ‘ದಯೆ ತೋರಿಸಿದ್ದು’ ಎಂದಾಗಬೇಕಷ್ಟೆ.

ಕಡೆಯದಾಗಿ ಈ ನಿರ್ಣಯವನ್ನು ಪದಪಟ್ಟಿಯಲ್ಲಿ ಬರೆದಿಡಬೇಕು. ಆದರೆ ಅದರ ಮೇರೆಯನ್ನೂ ಬರೆಯಬೇಕು. ಜ್ಞಾನೋಕ್ತಿ 14:34ರಲ್ಲಿಯೂ ಇದೇ ಅಕ್ಷರಗಳ ‘ಹೆಸೆದ್’ ಇದೆ. ಸ್ಟ್ರಾಂಗನ ಪದಸೂಚಿಯಲ್ಲಿ ಅಂಕೆಯೂ 2617ವೇ. ಆದರೆ ಅಲ್ಲಿ ಅದಕ್ಕೆ ಅವಮಾನವೆಂದು ಅರ್ಥ. ಪಾಪವು ಜನಾಂಗಗಳಿಗೆ ಅವಮಾನವೆಂಬದೇ ಆ ವಚನದ ಅಭಿಪ್ರಾಯ. ಪದಪಟ್ಟಿಯನ್ನು ಕುರುಡಾಗಿ ಹಿಂಬಾಲಿಸಿ ಅಲ್ಲಿಯೂ ‘ದಯೆ’ ಎಂದು ಇಟ್ಟರೆ, ಪಾಪವು ಜನಗಳಿಗೆ ದಯೆಯೆಂದು ಅಚ್ಚಾಗುವದು.

ಆಲೋಚಿಸತಕ್ಕ ಪ್ರಶ್ನೆಗಳು

1. ನಿಮ್ಮ ಮನೆಯಲ್ಲಿರುವ ಸತ್ಯವೇದದಲ್ಲಿ ರೂತಳು 1:8, 2:20, 3:10 ಈ ಮೂರು ವಚನಗಳಲ್ಲಿ ಯಾವ ಮಾತುಗಳಿವೆ? ಒಂದೇಯೋ, ಬೇರೆಬೇರೆಯೋ?

2. 2:20ನ್ನು ಓದಿ, ಹೆಸೆದನ್ನು ಬಿಡದವನು ಯಾರೆಂದು ನಿಮ್ಮ ಸತ್ಯವೇದದ ಭಾಷಾಂತರಕಾರರು ನಿಶ್ಚಯಿಸಿದ್ದಾರೆಂಬದನ್ನು ಹೇಳಿರಿ.

3. ಈ ಕಥೆಯನ್ನು ಎಂದೂ ಕೇಳದವರೊಬ್ಬರಿಗೆ ಮೂರು ಅಧ್ಯಾಯಗಳನ್ನು ಓದಿಹೇಳಿ, ಬೋವಜನು ‘ಮೊದಲಿನದು’ ಎಂದದ್ದು ಯಾವದನ್ನೆಂದು ಕೇಳಿರಿ. ಅವರು ಏನೆಂದು ಉತ್ತರ ಕೊಟ್ಟರು?